ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ: ನಾಪೋಕ್ಲಿನ ಹಿರಿಯರ ಸಭೆಗೆ ಐದು ಸ್ಲೈಡಿನ ಮಾತು

ಶನಿವಾರ ಬೆಳಿಗ್ಗೆ 10:30, ಸಮುದಾಯ ಭವನ. ಬರುವವರು ಸುಮಾರು 40 ಮಂದಿ, ಹೆಚ್ಚಿನವರು 65 ದಾಟಿದವರು. ಪಿಂಚಣಿದಾರರು, ಮಾಜಿ ಸೈನಿಕರು, ಮನೆಯಲ್ಲೇ ಹೋಂಸ್ಟೇ ನಡೆಸುವವರು, ಮಕ್ಕಳು ದೂರದೂರಲ್ಲಿರುವ ದಂಪತಿಗಳು. ಮಾತಾಡುವವರು ಇಬ್ಬರು: ಒಬ್ಬರು ಹೇಳುವುದು, ಇನ್ನೊಬ್ಬರು ಫೋನಿನಲ್ಲಿ ಮಾಡಿ ತೋರಿಸುವುದು.

ಸಿದ್ಧತೆ. ಕೊನೆಯ ಸಾಲು ಪರದೆಯಿಂದ 30 ಅಡಿ ದೂರ. ಹತ್ತು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಅಕ್ಷರ ಪರದೆಯ ಮೇಲೆ ಮೂರು ಇಂಚು ಎತ್ತರ ಇರಲೇಬೇಕು. ಸ್ಲೈಡಿನಲ್ಲಿ 54 ಪಾಯಿಂಟಿನಿಂದ ಶುರು ಮಾಡಿ ಭವನದಲ್ಲೇ ಸ್ಕೇಲ್ ಹಿಡಿದು ಅಳೆಯಿರಿ. ಕನ್ನಡಕ್ಕೆ ಸಾಲಿನ ಅಂತರ ಒಂದೂವರೆ ಪಟ್ಟು ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲು ಆಗುವುದಿಲ್ಲ. ತಿಳಿ ಹಳದಿ ಮೇಲೆ ಕಪ್ಪು ಅಕ್ಷರ. ಸ್ಲೈಡಿಗೆ ಮೂರು ಸಾಲು, ಅಷ್ಟೇ. ಮಳೆ ಬಂದರೆ ಕರೆಂಟು ಹೋಗುತ್ತದೆ, ಆದ್ದರಿಂದ ಐದೂ ಸ್ಲೈಡುಗಳನ್ನು ಚಾರ್ಟ್ ಶೀಟಿನಲ್ಲಿ ಬರೆದು ತನ್ನಿ. ತಗಡಿನ ಮಾಡಿನ ಸದ್ದಿಗೆ ಮೈಕ್ ಬೇಕೇ ಬೇಕು. ಬ್ಯಾಟರಿ ಇರುವುದನ್ನೇ ತನ್ನಿ.

ನಿಮಿಷಕ್ಕೆ 70 ಪದ ಮೀರಬೇಡಿ. ಓದುವಾಗ ನಿಮಗೇ ನಿಧಾನ ಅತಿಯಾಯಿತು ಅನಿಸಬೇಕು, ಆಗ ಸರಿ ಇದೆ ಎಂದರ್ಥ. (ನಿಲ್ಲಿ) ಎಂದಿರುವಲ್ಲಿ ಮನಸ್ಸಿನಲ್ಲಿ ಐದು ಎಣಿಸಿ. ಯಾರ ಫೋನನ್ನೂ ಕೈಗೆ ತೆಗೆದುಕೊಳ್ಳಬೇಡಿ, ಕೊಟ್ಟರೂ.

ಸ್ಲೈಡ್ 1

ಪಿನ್ ಒತ್ತಿದರೆ
ದುಡ್ಡು ಹೋಗುತ್ತದೆ.
ಬರುವುದಿಲ್ಲ.

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಪರದೆಯ ಅಕ್ಷರ ಕಾಣದಿದ್ದರೆ ಈಗಲೇ ಮುಂದೆ ಬನ್ನಿ, ಕಾಫಿ ಆಮೇಲೆ ಇದೆ. (ನಿಲ್ಲಿ. ಕುರ್ಚಿ ಸರಿಸುವ ಸದ್ದು ಮುಗಿಯಲಿ.)

ಇವತ್ತು ಹೇಳುವುದು ಒಂದೇ ಮಾತು. ಮಿಕ್ಕಿದ್ದೆಲ್ಲ ಅದರ ವಿವರಣೆ. ಫೋನ್‌ಪೇ ಇರಲಿ, ಗೂಗಲ್ ಪೇ ಇರಲಿ, ಭೀಮ್ ಇರಲಿ, ಎಲ್ಲದರ ಹಿಂದೆ ಇರುವುದು ಯುಪಿಐ. ಅದಕ್ಕೆ ನಾಲ್ಕು ಅಥವಾ ಆರು ಅಂಕೆಯ ಗುಟ್ಟಿನ ಸಂಖ್ಯೆ ಇದೆ, ಅದೇ ಪಿನ್. ಬೀರುವಿನ ಬೀಗದಕೈ ಇದ್ದ ಹಾಗೆ. ನಿಮಗೆ ದುಡ್ಡು ಕೊಡಲು ಬಂದವರು ನಿಮ್ಮ ಬೀರುವಿನ ಬೀಗದಕೈ ಯಾಕೆ ಕೇಳಬೇಕು? (ನಿಲ್ಲಿ)

ಖಾತೆಯಲ್ಲಿ ಎಷ್ಟಿದೆ ಎಂದು ನೋಡಲೂ ಪಿನ್ ಕೇಳುತ್ತದೆ, ನಿಜ. ಆದರೆ ಅದು ನೀವಾಗಿ ನೋಡುವಾಗ. ಇನ್ನೊಬ್ಬರು ಫೋನಿನಲ್ಲಿ ಹೇಳಿಕೊಡುತ್ತಾ ಇರುವಾಗ ಅಲ್ಲ.

ಸ್ಲೈಡ್ 2

ಸ್ಕ್ಯಾನ್ ಮಾಡಿ
ಹೆಸರು ಓದಿ
ಮೊತ್ತ ಓದಿ

(ಇನ್ನೊಬ್ಬರು ಎದ್ದು ನಿಲ್ಲಲಿ. ಒಂದು ರೂಪಾಯಿ ಕಳಿಸಿ ತೋರಿಸುವುದು. ಪಿನ್ ಒತ್ತುವ ಪುಟವನ್ನು ಆಪ್‌ಗಳು ದೊಡ್ಡ ಪರದೆಯಲ್ಲಿ ಕಪ್ಪಾಗಿಸುವುದುಂಟು, ಅದಕ್ಕೆ ಆ ಪುಟದ ಚಿತ್ರವನ್ನು ಚಾರ್ಟಿನಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ.)

ಅಂಗಡಿಯಲ್ಲಿ ಚೌಕದ ಚಿತ್ರ ಇರುತ್ತದಲ್ಲ, ಕ್ಯೂಆರ್ ಕೋಡು, ಅದನ್ನು ಸ್ಕ್ಯಾನ್ ಮಾಡಿದ ಕೂಡಲೇ ಹೆಸರು ಬರುತ್ತದೆ. ಆ ಹೆಸರನ್ನು ಅಂಗಡಿಯವರಿಗೆ ಕೇಳಿಸುವಂತೆ ಓದಿ. ನಾಚಿಕೆ ಬೇಡ. ಅಂಗಡಿಯವರ ಕೋಡಿನ ಮೇಲೆ ಕಳ್ಳರು ತಮ್ಮ ಸ್ಟಿಕರ್ ಅಂಟಿಸಿದ್ದರೆ ಅದು ಗೊತ್ತಾಗುವುದು ಹೆಸರಿನಿಂದಲೇ. ಆಮೇಲೆ ಮೊತ್ತ. 150 ಒತ್ತಲು ಹೋಗಿ 1500 ಆಗುವುದು ಕನ್ನಡಕ ಮನೆಯಲ್ಲಿ ಬಿಟ್ಟು ಬಂದ ದಿನವೇ. ಪಿನ್ ಒತ್ತುವ ಪುಟದಲ್ಲಿ ಹೆಸರು, ಮೊತ್ತ ಮತ್ತೊಮ್ಮೆ ಕಾಣುತ್ತವೆ. ಅದು ಕೊನೆಯ ಗೇಟು. ಅಲ್ಲಿಂದಲೂ ಹಿಂದೆ ಬರಬಹುದು, ಏನೂ ಆಗುವುದಿಲ್ಲ. (ನಿಲ್ಲಿ)

ಮಳೆಗಾಲದಲ್ಲಿ ನಮ್ಮಲ್ಲಿ ಇನ್ನೊಂದು ತಾಪತ್ರಯ. ಪಿನ್ ಒತ್ತಿದಿರಿ, ನೆಟ್‌ವರ್ಕ್ ಹೋಯಿತು, ಚಕ್ರ ತಿರುಗುತ್ತಾ ಇದೆ. ಮತ್ತೆ ಕಳಿಸಬೇಡಿ. ಎರಡು ಸಲ ಹೋಗಬಹುದು. ಖಾತೆಯಿಂದ ಕಡಿತವಾಗಿ ಎದುರಿನವರಿಗೆ ತಲುಪದಿದ್ದರೆ ದುಡ್ಡು ತಾನಾಗಿ ವಾಪಸು ಬರಬೇಕು: ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕಳಿಸಿದ್ದಾದರೆ ಐದು ದಿನದೊಳಗೆ. ಇದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಅಷ್ಟರೊಳಗೆ ಗಾಬರಿಯಾಗಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಲು ಹೋಗಬೇಡಿ. ಅಲ್ಲಿ ಕಳ್ಳರು ಹಾಕಿಟ್ಟ ನಂಬರುಗಳೂ ಇರುತ್ತವೆ. ಬ್ಯಾಂಕಿನ ನಂಬರ್ ನಿಮ್ಮ ಎಟಿಎಂ ಕಾರ್ಡಿನ ಹಿಂಬದಿಯಲ್ಲೇ ಇದೆ.

ಸ್ಲೈಡ್ 3

ಹೆದರಿಸಿದರೆ
ಅವಸರ ಮಾಡಿದರೆ
ಫೋನ್ ಇಡಿ

(ಇದೇ ದೊಡ್ಡ ಭಾಗ. ಬೇರೆಡೆ ಸಮಯ ಉಳಿಸಿ ಇಲ್ಲಿ ಖರ್ಚು ಮಾಡಿ. ಪ್ರತಿ ಕರೆಯನ್ನೂ ಇಬ್ಬರೂ ಅಭಿನಯಿಸಿ: ಒಬ್ಬರು ಕಳ್ಳ, ಒಬ್ಬರು ಮನೆಯವರು. ನಗು ಬಂದರೆ ಬರಲಿ.)

ಒಂದನೇ ಕರೆ. ‘ನಮಸ್ತೇ, ನಾನು ಸೇನಾಧಿಕಾರಿ. ನಮ್ಮ ಹತ್ತು ಮಂದಿಗೆ ನಿಮ್ಮ ಹೋಂಸ್ಟೇ ಬೇಕು. ಅಡ್ವಾನ್ಸ್ ಕಳಿಸುತ್ತೇನೆ, ಈ ಕೋಡನ್ನು ಸ್ಕ್ಯಾನ್ ಮಾಡಿ, ದುಡ್ಡು ಬರುತ್ತದೆ.’ ಸಮವಸ್ತ್ರದ ಫೋಟೊ, ಗುರುತಿನ ಚೀಟಿ ವಾಟ್ಸಾಪ್‌ಗೆ ಬರುತ್ತದೆ. ಸೈನಿಕರೆಂದರೆ ಕೊಡಗಿನಲ್ಲಿ ಎರಡನೇ ಪ್ರಶ್ನೆ ಕೇಳುವುದಿಲ್ಲ ಎಂಬುದು ಅವರಿಗೂ ಗೊತ್ತು. ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತುವುದು ದುಡ್ಡು ಕೊಡಲಿಕ್ಕೆ. ನಿಮಗೆ ಬರಬೇಕಾದ ದುಡ್ಡಿಗೆ ನೀವು ಏನೂ ಒತ್ತಬೇಕಾಗಿಲ್ಲ. (ನಿಲ್ಲಿ. ಇದನ್ನು ಇನ್ನೊಮ್ಮೆ ಹೇಳಿ.)

ಎರಡನೇ ಕರೆ. ‘ನಿಮ್ಮ ಜೀವಂತ ಪ್ರಮಾಣಪತ್ರ ಬಂದಿಲ್ಲ, ಇವತ್ತೇ ಮಾಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಓಟಿಪಿ ಹೇಳಿ.’ ನವೆಂಬರ್ ಹತ್ತಿರ ಬಂದ ಹಾಗೆ ಇಂಥ ಕರೆಗಳನ್ನು ಕಾದುಕೊಂಡಿರಿ. ಸೇನಾ ಪಿಂಚಣಿಯವರಿಗೆ ‘ಸ್ಪರ್ಶ್’ ಹೆಸರು ಹೇಳಿ ಮಾಡುತ್ತಾರೆ. ಪ್ರಮಾಣಪತ್ರ ಮಾಡಿಸಲು ಬ್ಯಾಂಕಿಗೋ ಅಂಚೆ ಕಚೇರಿಗೋ ಹೋಗಿ. ಫೋನಿನಲ್ಲಿ ಓಟಿಪಿ ಕೊಟ್ಟು ಮಾಡಿಸುವ ಕೆಲಸ ಅದಲ್ಲ.

ಮೂರನೇ ಕರೆ, ರಾತ್ರಿ ಎಂಟರ ಮೇಲೆ. ‘ಸೆಸ್ಕ್‌ನಿಂದ. ಬಿಲ್ ಅಪ್‌ಡೇಟ್ ಆಗಿಲ್ಲ, ಒಂಬತ್ತೂವರೆಗೆ ಕರೆಂಟ್ ತೆಗೆಯುತ್ತೇವೆ. ಈ ಆಪ್ ಹಾಕಿಕೊಳ್ಳಿ.’ ಕರೆಂಟಿಗೆ ನಮ್ಮಲ್ಲಿ ಫೋನ್ ಮಾಡಿ ಹೋಗುವ ಅಭ್ಯಾಸ ಇಲ್ಲ. (ನಗುವಿಗೆ ನಿಲ್ಲಿ) ಅವರು ಹಾಕಿಸುವ ಆಪ್ ನಿಮ್ಮ ಪರದೆಯನ್ನು ಅವರಿಗೆ ತೋರಿಸುತ್ತದೆ. ನಿಮಗೆ ಬರುವ ಓಟಿಪಿಯನ್ನು ಅವರು ಅಲ್ಲಿಂದಲೇ ಓದುತ್ತಾರೆ, ನೀವು ಬಾಯಿ ಬಿಡಬೇಕೆಂದೇ ಇಲ್ಲ. ಇದೇ ಕೆಲಸ ವಾಟ್ಸಾಪಿನಲ್ಲಿ ಬರುವ ಕೆಲವು ಫೈಲುಗಳಿಂದಲೂ ಆಗುತ್ತದೆ. ಮದುವೆ ಆಮಂತ್ರಣ, ವಾಹನ ದಂಡದ ಚೀಟಿ ಎಂದು ಹೆಸರಿರುತ್ತದೆ, ಕೊನೆಯಲ್ಲಿ .apk ಎಂದಿರುತ್ತದೆ. ನೆಂಟರೇ ಕಳಿಸಿದ್ದರೂ ಮುಟ್ಟಬೇಡಿ. ಅವರ ಫೋನು ಕಳ್ಳರ ಕೈಗೆ ಸಿಕ್ಕಿರಬಹುದು.

ನಾಲ್ಕನೇ ಕರೆ ಎಲ್ಲಕ್ಕಿಂತ ಕೆಟ್ಟದ್ದು. ವಿಡಿಯೊದಲ್ಲಿ ಪೊಲೀಸ್ ವೇಷ. ‘ನಿಮ್ಮ ಆಧಾರ್‌ನಿಂದ ಮಾದಕ ವಸ್ತುವಿನ ಪಾರ್ಸೆಲ್ ಹೋಗಿದೆ. ನೀವು ಡಿಜಿಟಲ್ ಅರೆಸ್ಟ್. ಕ್ಯಾಮೆರಾ ಆಫ್ ಮಾಡಬಾರದು, ಮಕ್ಕಳಿಗೂ ಹೇಳಬಾರದು.’ (ನಿಧಾನ, ಒಂದೊಂದೇ ಪದ) ಫೋನಿನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿ ಇಲ್ಲ. ಮಕ್ಕಳಿಗೆ ಹೇಳಬೇಡಿ ಅಂದರೆ, ಮಕ್ಕಳಿಗೆ ಹೇಳಿದರೆ ಅವರ ಆಟ ಮುಗಿಯುತ್ತದೆ ಎಂದರ್ಥ. ಮರ್ಯಾದೆಯಿಂದ ಮಾತು ಮುಗಿಸಿ ಇಡಬೇಕೆಂದೂ ಇಲ್ಲ. ಅವರು ಮಾತಾಡುತ್ತಿರುವಾಗಲೇ ಕೆಂಪು ಗುಂಡಿ ಒತ್ತಿ.

ಸ್ಲೈಡ್ 4

ಪಿಂಚಣಿ ಖಾತೆ ಬೇರೆ
ಫೋನಿನ ಖಾತೆ ಬೇರೆ

ಎಷ್ಟು ಜಾಗ್ರತೆ ಇದ್ದರೂ ಒಂದು ದಿನ ಕೈ ತಪ್ಪಬಹುದು. ತಪ್ಪಿದರೂ ನಷ್ಟ ಸಣ್ಣದಿರಲಿ. ಅದಕ್ಕೆ ಎರಡು ಉಳಿತಾಯ ಖಾತೆ ಇಟ್ಟುಕೊಳ್ಳಿ. ಪಿಂಚಣಿ, ಕಾಫಿ, ಕರಿಮೆಣಸಿನ ದುಡ್ಡು ಬರುವ ಖಾತೆಯನ್ನು ಯಾವ ಆಪ್‌ಗೂ ಸೇರಿಸಬೇಡಿ. ಇನ್ನೊಂದು ಸಣ್ಣ ಖಾತೆಯನ್ನು ಮಾತ್ರ ಸೇರಿಸಿ, ತಿಂಗಳಿಗೆ ಮೂರು ನಾಲ್ಕು ಸಾವಿರ ಅದಕ್ಕೆ ಹಾಕಿ. ಸಂತೆ, ಔಷಧಿ, ಆಟೊ ಎಲ್ಲ ಅದರಿಂದ. ಆದಷ್ಟು ಬೇರೆ ಬ್ಯಾಂಕಿನಲ್ಲಿರಲಿ. ಒಂದೇ ಬ್ಯಾಂಕಿನಲ್ಲಿ ಎರಡಿದ್ದರೆ ಅದೇ ಮೊಬೈಲ್ ನಂಬರಿಗೆ ಎರಡೂ ಕಾಣಿಸಿ, ತಿಳಿಯದೆ ದೊಡ್ಡದನ್ನೂ ಸೇರಿಸಿಬಿಡಬಹುದು.

ಪಿನ್ನನ್ನು ಫೋನಿನ ಕವರಿನೊಳಗೆ ಬರೆದಿಡಬೇಡಿ. ಹುಟ್ಟಿದ ವರ್ಷವೂ ಬೇಡ.

ಸ್ಲೈಡ್ 5

1930

(ಈ ಅಂಕೆ ಮಾತ್ರ, ಪರದೆ ತುಂಬ. ಸಭೆ ಮುಗಿಯುವವರೆಗೂ ತೆಗೆಯಬೇಡಿ.)

ದುಡ್ಡು ಹೋಯಿತು ಎಂದುಕೊಳ್ಳಿ. ಯಾರನ್ನೂ ಬೈಯುವುದು ಬೇಡ, ಅಳುವುದೂ ಆಮೇಲೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಎಟಿಎಂನಿಂದ ನಗದಾಗಿ ಹೊರಗೆ ಬರುವ ಮೊದಲು ತಿಳಿಸಿದರೆ ಆ ಖಾತೆಯಲ್ಲೇ ತಡೆಯಲು ಸಾಧ್ಯ. ನಾಳೆ ಮಗ ಬಂದ ಮೇಲೆ ಎಂದರೆ ತಡ.

ಅವರು ಕೇಳುವುದು: ಹೆಸರು, ಬ್ಯಾಂಕು, ಎಷ್ಟು ಹೋಯಿತು, ಎಷ್ಟು ಗಂಟೆಗೆ, ಮತ್ತು 12 ಅಂಕೆಯ ವಹಿವಾಟು ಸಂಖ್ಯೆ. ಆ ಸಂಖ್ಯೆ ಬ್ಯಾಂಕಿನ ಮೆಸೇಜಿನಲ್ಲಿರುತ್ತದೆ, ಮೆಸೇಜ್ ಅಳಿಸಬೇಡಿ. ಆಮೇಲೆ ಬ್ಯಾಂಕಿಗೆ ಹೇಳಿ ಖಾತೆ ತಡೆಸಿ. ದೂರನ್ನು cybercrime.gov.in ನಲ್ಲಿ ಪೂರ್ತಿ ಮಾಡಬೇಕು. ಅದನ್ನು ಮಕ್ಕಳೋ ಪಕ್ಕದ ಮನೆಯವರೋ ಮಾಡಿಕೊಡಬಹುದು. ಇಲ್ಲವಾದರೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ. ಪಿನ್ ನಾನೇ ಹೇಳಿಬಿಟ್ಟೆ ಎಂದು ನಾಚಿ ಸುಮ್ಮನಿರಬೇಡಿ. ನೀವು ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು. ತಿಳಿಸುವ ಮುಂಚಿನದು ಮಾತ್ರ ನಿಮ್ಮ ತಲೆಗೆ.

ಈಗ ಎಲ್ಲರೂ ಫೋನ್ ತೆಗೆಯಿರಿ. 1930 ಅನ್ನು ‘ಅ ಕಳ್ಳ’ ಎಂಬ ಹೆಸರಿನಲ್ಲಿ ಸೇವ್ ಮಾಡೋಣ, ಪಟ್ಟಿಯಲ್ಲಿ ಮೇಲೆಯೇ ಸಿಗಲಿ. ಡಯಲ್ ಮಾಡಬೇಡಿ, ಸೇವ್ ಮಾತ್ರ. (ಏಳೆಂಟು ನಿಮಿಷ ಬೇಕಾಗುತ್ತದೆ. ಇಬ್ಬರೂ ಸಾಲುಗಳ ನಡುವೆ ಹೋಗಿ ಬಾಯಲ್ಲಿ ಹೇಳಿಕೊಡಿ.)

ಪ್ರಶ್ನೆಗಳು

(ಕೊಡವ ತಕ್ಕ್, ಅರೆಭಾಷೆ, ಯಾವುದರಲ್ಲಿ ಕೇಳಿದರೂ ಪ್ರಶ್ನೆಯನ್ನು ಮೈಕಿನಲ್ಲಿ ಕನ್ನಡದಲ್ಲಿ ಮತ್ತೊಮ್ಮೆ ಹೇಳಿ ಆಮೇಲೆ ಉತ್ತರಿಸಿ. ಈ ಎರಡು ಬಂದೇ ಬರುತ್ತವೆ.)

‘ನನ್ನದು ಬಟನ್ ಫೋನು, ನನಗೇನು ಭಯ?’ ಅಜ್ಜಯ್ಯ, ಎಟಿಎಂ ಕಾರ್ಡ್ ಇದ್ದರೆ ಓಟಿಪಿ ಕೇಳುವ ಕರೆ ಬಟನ್ ಫೋನಿಗೂ ಬರುತ್ತದೆ. ಕಾರ್ಡೂ ಇಲ್ಲದಿದ್ದರೆ ಆಧಾರ್ ಜೋಡಿಸಿದ ಖಾತೆಯಿಂದ ಹೆಬ್ಬೆಟ್ಟಿನಲ್ಲಿ ದುಡ್ಡು ತೆಗೆಯುವ ವ್ಯವಸ್ಥೆ ಇದೆ. ಸಿಕ್ಕಿದ ಯಂತ್ರಕ್ಕೆಲ್ಲ ಬೆರಳು ಒತ್ತಬೇಡಿ, ಒತ್ತಿದಾಗ ರಸೀದಿ ಕೇಳಿ. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕಿಸಲೂ ಬರುತ್ತದೆ. ವಿವರಕ್ಕೆ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಬಹುದು.

‘ಬ್ಯಾಂಕಿನವರೇ ಫೋನ್ ಮಾಡಿದರೆ?’ ಮಾಡಬಹುದು, ಅಮ್ಮ. ಬ್ಯಾಂಕುಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನು ಕೊಟ್ಟಿದ್ದಾರೆ. ಆದರೆ ಆ ನಂಬರಿನಿಂದ ಬಂದರೂ ಪಿನ್, ಓಟಿಪಿ ಹೇಳುವಂತಿಲ್ಲ. ಅನುಮಾನ ಬಂದರೆ ಇಟ್ಟುಬಿಡಿ, ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ.

(ಕಾಫಿಯ ಹೊತ್ತಿಗೆ ಐದು ಸ್ಲೈಡುಗಳನ್ನೂ 24 ಪಾಯಿಂಟಿನಲ್ಲಿ ಒಂದೇ ಹಾಳೆಗೆ ಅಚ್ಚು ಹಾಕಿದ್ದನ್ನು ಹಂಚಿ. 1930 ಮೇಲ್ಗಡೆ ಇರಲಿ, ಗೋಡೆಗೆ ಅಂಟಿಸಲು ಬಲಬದಿಯಲ್ಲಿ ಜಾಗ ಬಿಟ್ಟಿರಿ.)