ಇಂಟರ್‌ವ್ಯೂ ಎಲ್ಲಿಗೆ ಬಂತು ಅಂತ, ಮತ್ತೆ ನಿಮಗೊಂದು ಥ್ಯಾಂಕ್ಸ್

ಮಂಜಣ್ಣ, ನಮಸ್ಕಾರ.

ಫೋನ್ ಮಾಡೋಣ ಅಂದ್ಕೊಂಡೆ, ಆದ್ರೆ ಈ ವಾರ ಸೆಕೆಂಡ್ ಶಿಫ್ಟ್ ಅಂದಿದ್ರಿ. ಅದಕ್ಕೇ ಬರೆದು ಹಾಕ್ತಾ ಇದೀನಿ, ಬಿಡುವಾದಾಗ ಓದ್ಕೊಳ್ಳಿ. ನಿಮ್ಮ ಕಂಪನೀಲಿ ಟೆಕ್ನಿಕಲ್ ರೌಂಡು, ಎಚ್‌ಆರ್ ರೌಂಡು ಎರಡೂ ಆಯ್ತು. ಇವತ್ತು ಬೆಳಿಗ್ಗೆ ಮೇಲ್ ಬಂತು, ಬರೋ ಬುಧವಾರ ಹನ್ನೊಂದು ಗಂಟೆಗೆ ಪ್ಲಾಂಟ್ ಹೆಡ್ ಜೊತೆ ಕೊನೇ ರೌಂಡಂತೆ, ನರಸಾಪುರದಲ್ಲೇ.

ಕೆಲಸ ಇನ್ನೂ ಕೈಗೆ ಬಂದಿಲ್ಲ. ಆದ್ರೆ ಥ್ಯಾಂಕ್ಸ್ ಹೇಳೋಕೆ ಆಫರ್ ಲೆಟರ್‌ಗೆ ಕಾಯಬೇಕಾಗಿಲ್ಲ ಅಲ್ವಾ. ಪೀಣ್ಯದಲ್ಲಿ ಕೂತು ಜಾಬ್ ಸೈಟ್‌ನಲ್ಲಿ ಅಪ್ಲೈ ಮಾಡಿದ್ದಕ್ಕೆಲ್ಲ ಆಟೋಮ್ಯಾಟಿಕ್ ಮೇಲ್ ಬಿಟ್ರೆ ಬೇರೆ ಏನೂ ಬಂದಿರ್ಲಿಲ್ಲ. ನೀವು ನಿಮ್ಮ ಕಂಪನಿಯ ರೆಫರಲ್ ಪೋರ್ಟಲ್‌ನಲ್ಲಿ ನನ್ನ ಹೆಸರು ಹಾಕಿದ ವಾರದೊಳಗೇ ಕಾಲ್ ಬಂತು. ಅದಕ್ಕಿಂತ ಹೆಚ್ಚು ಉಪಕಾರ ಆಗಿದ್ದು ನೀವು ರೆಸ್ಯೂಮೆ ತಿದ್ದಿಸಿದ್ದು. 'ಕ್ವಾಲಿಟಿಯಲ್ಲಿ ಅನುಭವ ಇದೆ' ಅಂತ ಬರೆದಿದ್ದನ್ನ ತೆಗೆಸಿ, ಯಾವ ಪಾರ್ಟು, ಯಾವ ಗೇಜು, ಯಾವ ಕಸ್ಟಮರ್ ಆಡಿಟ್ ಅಂತ ಬರೆಸಿದ್ರಲ್ಲ, ಪ್ಯಾನೆಲ್‌ನವರು ಆ ಸಾಲುಗಳಿಗೇ ಟಿಕ್ ಹಾಕ್ಕೊಂಡು ಕೂತಿದ್ರು.

ಒಳಗೆ ಏನು ನಡೀತು ಅಂತಾನೂ ಹೇಳ್ಬಿಡ್ತೀನಿ. ರೆಫರಲ್ ಫಾರಂನಲ್ಲಿ ನಿಮ್ಮ ಹೆಸರಿದೆ, ನಾಳೆ ಯಾರಾದ್ರೂ ಕ್ಯಾಂಟೀನ್‌ನಲ್ಲಿ ಸಿಕ್ಕಿ ಕೇಳಿದ್ರೆ ನಿಮಗೆ ಗೊತ್ತಿರಬೇಕು.

ಇಬ್ಬರಿದ್ರು ಪ್ಯಾನೆಲ್‌ನಲ್ಲಿ. ಒಂದು ಬುಷ್ಷು, ಅದರ ಡ್ರಾಯಿಂಗು, ಪಕ್ಕದಲ್ಲಿ ಒಂದು ವರ್ನಿಯರು, ಪ್ಲಗ್ ಗೇಜು, ಬೋರ್ ಗೇಜು ಇಟ್ಟು, 'ಬೋರ್ ಚೆಕ್ ಮಾಡಿ ತೋರಿಸಿ' ಅಂದ್ರು. ಡ್ರಾಯಿಂಗ್‌ನಲ್ಲಿ 25 ಎಚ್7 ಅಂತಿತ್ತು. ಅಂದ್ರೆ ಸೊನ್ನೆಯಿಂದ ಪ್ಲಸ್ 21 ಮೈಕ್ರಾನ್ ಒಳಗೆ ಬರಬೇಕು. ವರ್ನಿಯರ್‌ದು ಲೀಸ್ಟ್ ಕೌಂಟೇ 20 ಮೈಕ್ರಾನು, ಪೂರ್ತಿ ಟಾಲರೆನ್ಸ್ ಹೆಚ್ಚೂಕಮ್ಮಿ ಅದರ ಒಂದು ಗೀಟಲ್ಲೇ ಮುಗಿದುಹೋಗುತ್ತೆ. ಹಾಗಾಗಿ ಅದನ್ನ ಮುಟ್ಟಲೇ ಇಲ್ಲ. ಪ್ಲಗ್ ಗೇಜ್ ಹಾಕಿ ಗೋ ಹೋಯ್ತು, ನೋ-ಗೋ ಹೋಗ್ಲಿಲ್ಲ ಅಂತ ತೋರಿಸಿ, 'ಲೈನ್‌ನಲ್ಲಿ ಇಷ್ಟು ಸಾಕು ಸರ್, ಆದ್ರೆ ಸಿಪಿಕೆ ಕೇಳಿದ್ರೆ ಇದ್ರಿಂದ ಆಗಲ್ಲ, ರೀಡಿಂಗ್ ಬೇಕು, ಬೋರ್ ಗೇಜನ್ನ ಸೆಟ್ಟಿಂಗ್ ರಿಂಗ್‌ನಲ್ಲಿ ಝೀರೋ ಮಾಡ್ಕೊಂಡು ತಗೋಬೇಕು' ಅಂದೆ. ಟೇಬಲ್ ಮೇಲೆ ರಿಂಗ್ ಇರ್ಲಿಲ್ಲ. ಕೇಳಿದ್ಮೇಲೆ ಒಬ್ರು ನಕ್ಕು ಡ್ರಾಯರ್‌ನಿಂದ ತೆಗೆದುಕೊಟ್ರು!

ಆಮೇಲೆ ಮೆಷಿನ್‌ನಿಂದ ಬಿಸಿಬಿಸಿಯಾಗಿ ಬಂದ ಪಾರ್ಟ್ ಅಳೆದ್ರೆ ಏನಾಗುತ್ತೆ ಅಂತ ಕೇಳಿದ್ರು. ಸ್ಟೀಲ್ ಪಾರ್ಟು, 25 ಎಂಎಂ ಬೋರು, ಹತ್ತು ಡಿಗ್ರಿ ಜಾಸ್ತಿ ಇದ್ರೆ ಸುಮಾರು 3 ಮೈಕ್ರಾನ್ ಹಿಗ್ಗಿರುತ್ತೆ, ಅಂಚಿನಲ್ಲಿರೋ ಪಾರ್ಟು ಅಲ್ಲೇ ಎಡವಟ್ಟಾಗೋದು, 20 ಡಿಗ್ರಿ ಲೆಕ್ಕಕ್ಕೆ ತಣಿಯೋಕೆ ಬಿಡಬೇಕು ಅಂತ ಲೆಕ್ಕ ಹಾಕಿ ತೋರಿಸಿದೆ. ಇದೆಲ್ಲ ಹಳೇ ಕಂಪನಿಯ ಇನ್‌ಸ್ಪೆಕ್ಷನ್ ಟೇಬಲ್ ಹತ್ರ ನಿಮ್ಮ ಕೈಲಿ ಬೈಸ್ಕೊಂಡು ಕಲ್ತಿದ್ದೇ, ಅವತ್ತು ಬೇಜಾರಾಗಿತ್ತು, ಈಗ ಇಲ್ಲ. ಅಂದಹಾಗೆ, ಏನು ಕೇಳ್ತಾರೆ ಅಂತ ನಾನೂ ನಿಮ್ಮನ್ನ ಕೇಳಿರ್ಲಿಲ್ಲ, ನೀವೂ ಹೇಳಿರ್ಲಿಲ್ಲ. ಅದು ಹಾಗೇ ಇದ್ದಿದ್ದು ಇಬ್ರಿಗೂ ಒಳ್ಳೇದಾಯ್ತು.

ಕಸ್ಟಮರ್ ಕಂಪ್ಲೇಂಟ್ ಒಂದನ್ನ ಹೇಗೆ ಮುಗಿಸಿದ್ರಿ ಅಂದಾಗ ಎಡಗಡೆ ಪಾರ್ಟು ಬಲಗಡೆ ಪಾರ್ಟು ಮಿಕ್ಸ್ ಆಗಿ ಹೋಗಿದ್ದ ಆ ಕಥೆ ಹೇಳಿದೆ. ಇಲ್ಲಿ ಒಂದು ಮಾತು ಮುಖ್ಯ. ಫಿಕ್ಸ್ಚರ್‌ಗೆ ಪಿನ್ ಕೂರಿಸಿ ತಪ್ಪು ಪಾರ್ಟ್ ಕೂರದ ಹಾಗೆ ಮಾಡಿದ್ದು ನಿಮ್ಮ ಐಡಿಯಾ ಅಂತಾನೇ ಹೇಳಿದೀನಿ. ಡೇಟಾ ಕಲೆಹಾಕಿದ್ದು, 8ಡಿ ರಿಪೋರ್ಟ್ ಬರೆದಿದ್ದು, ಕಂಟ್ರೋಲ್ ಪ್ಲಾನ್ ಅಪ್‌ಡೇಟ್ ಮಾಡಿದ್ದು ನಾನು ಅಂದೆ. 'ಆಪರೇಟರ್ ಅಜಾಗರೂಕತೆ' ಅಂತ ಬರೆದು ಕೈ ತೊಳ್ಕೊಳ್ಳೋ ರಿಪೋರ್ಟನ್ನ ನೀವು ವಾಪಸ್ ಕಳಿಸ್ತಿದ್ದಿದ್ದನ್ನೂ ಹೇಳ್ದೆ, ಅವರಿಗೆ ಖುಷಿಯಾಯ್ತು ಅನ್ಸುತ್ತೆ. ನಿಮ್ಮನ್ನ ಕೇಳಿದ್ರೆ ನೀವೂ ಇದ್ದದ್ದನ್ನೇ ಹೇಳ್ತೀರ, ಎರಡೂ ತಾಳೆ ಆಗುತ್ತೆ.

ಸಿಎಂಎಂ ಬಗ್ಗೆಯೂ ಅಷ್ಟೇ. ರಿಪೋರ್ಟ್ ಓದ್ತೀನಿ, ಅರ್ಥ ಆಗುತ್ತೆ, ಪ್ರೋಗ್ರಾಂ ಬರೆದಿಲ್ಲ ಅಂತ ನೇರವಾಗಿ ಹೇಳಿದೆ. ಅವರು ನೋಟ್ ಮಾಡ್ಕೊಂಡ್ರು. ಅದು ಪ್ಲಸ್ಸೋ ಮೈನಸ್ಸೋ ಮುಖ ನೋಡಿ ಗೊತ್ತಾಗ್ಲಿಲ್ಲ.

ಎಚ್‌ಆರ್ ರೌಂಡ್ ಮಾಮೂಲಿ. ಮೂರು ಶಿಫ್ಟಿಗೂ ರೆಡಿ, ನೋಟೀಸ್ ಪೀರಿಯಡ್ ಎರಡು ತಿಂಗಳು, ಸಂಬಳದ ವಿಷಯದಲ್ಲಿ ನಿಮ್ಮ ಹತ್ರ ಹೇಳಿದ್ದ ಅಂಕಿಯನ್ನೇ ಹೇಳಿದೀನಿ. ದಾಸರಹಳ್ಳಿಯಿಂದ ದಿನಾ ಹೇಗೆ ಬರ್ತೀರ ಅಂದ್ರು. ಮನೆಯವಳ ಸ್ಕೂಲಲ್ಲಿ ಪರೀಕ್ಷೆ ಮುಗಿಯೋವರೆಗೆ ಹೊಸಕೋಟೆಯಲ್ಲಿ ಒಂದು ರೂಮ್ ಮಾಡ್ಕೊಂಡಿರ್ತೀನಿ, ಆಮೇಲೆ ಮನೇನೇ ಆ ಕಡೆ ಶಿಫ್ಟ್ ಮಾಡ್ತೀವಿ ಅಂದೆ. ಇದನ್ನ ಮನೇಲಿ ಕೂತು ಮಾತಾಡಿಯೇ ಹೇಳಿದ್ದು, ಬಾಯಿಮಾತಿಗೆ ಅಲ್ಲ.

ಮಂಜಣ್ಣ, ಒಂದು ರಿಕ್ವೆಸ್ಟ್. ದಯವಿಟ್ಟು ಎಚ್‌ಆರ್‌ಗಾಗ್ಲಿ ಪ್ಲಾಂಟ್ ಹೆಡ್‌ಗಾಗ್ಲಿ ನನ್ನ ಪರವಾಗಿ ಏನೂ ಹೇಳಕ್ಕೆ ಹೋಗ್ಬೇಡಿ. ನಿಮ್ಮ ಸ್ವಭಾವ ನನಗೆ ಗೊತ್ತು, ಅದಕ್ಕೇ ಮುಂಚೇನೇ ಹೇಳ್ತಿದೀನಿ. ಮಾಡಬೇಕಾದ್ದೆಲ್ಲ ಮಾಡಿದೀರ. ಆಗಲಿಲ್ಲ ಅಂದ್ರೆ ಅದು ನನ್ನ ಮತ್ತೆ ಅವರ ಲೆಕ್ಕ, ನೀವು ಮುಜುಗರ ಪಟ್ಕೊಳ್ಳೋದು ಬೇಡ. ನಾಳೆ ಇನ್ನೊಬ್ಬ ಹುಡುಗನ್ನ ರೆಫರ್ ಮಾಡುವಾಗ ನಿಮ್ಮ ಮಾತಿಗೆ ಇದೇ ತೂಕ ಇರಬೇಕು.

ಕೇಳೋದೇನಾದ್ರೂ ಇದ್ರೆ ಇಷ್ಟೇ: ಬುಧವಾರ ಶಾಪ್ ಫ್ಲೋರ್ ಸುತ್ತಿಸ್ತಾರಾ? ಸೇಫ್ಟಿ ಶೂ ನಾನೇ ಹಾಕ್ಕೊಂಡು ಬರಬೇಕಾ, ಗೇಟಲ್ಲಿ ಕೊಡ್ತಾರಾ? ಮೇಲ್‌ನಲ್ಲಿ ಬರೀ ಆಧಾರ್ ಮತ್ತೆ ಸಂಬಳದ ಸ್ಲಿಪ್ ತರೋಕೆ ಹೇಳಿದಾರೆ. ಗೊತ್ತಿದ್ರೆ ಒಂದು ಸಾಲು ಹಾಕಿ ಸಾಕು.

ರೆಫರಲ್ ಬೋನಸ್ ಜಾಯಿನ್ ಆಗಿ ಇಷ್ಟು ತಿಂಗಳು ಇದ್ದಮೇಲೇ ಕೊಡೋದು ಅಂದಿದ್ರಿ ಅಲ್ವಾ. ಸೆಲೆಕ್ಟ್ ಆದ್ರೆ ನಿಮ್ಮ ದುಡ್ಡಿಗೋಸ್ಕರನಾದ್ರೂ ಅಲ್ಲೀವರೆಗೆ ಓಡಿಹೋಗಲ್ಲ, ಚಿಂತೆ ಬಿಡಿ. ಬಿರಿಯಾನಿ ಮಾತ್ರ ನಂದು.

ಬುಧವಾರ ಮುಗಿದ ಕೂಡಲೇ, ಆದ್ರೂ ಆಗದಿದ್ರೂ, ಮೊದಲ ಮೆಸೇಜ್ ನಿಮಗೇ. ಅತ್ತಿಗೆಗೆ ನಮಸ್ಕಾರ ತಿಳಿಸಿ.

ರಘು