ಫಿಟ್ಸ್ ಶುರುವಾದದ್ದು ಹೇಗೆ? ಡಾಕ್ಟರು ಮೊದಲು ಕೇಳುವುದು ಇದನ್ನೇ

ಮುಂಬೈ ಆಸ್ಪತ್ರೆಗಳಲ್ಲಿ ‘ಫಿಟ್’, ‘ಆಕಡಿ’ ಎಂದರೆ ನಮ್ಮ ಮೂರ್ಛೆಯೇ. ಆದರೆ ಈ ಹೆಸರು ದಾರಿ ತಪ್ಪಿಸುತ್ತದೆ. ಎಲ್ಲ ಫಿಟ್ಸಿನಲ್ಲೂ ಎಚ್ಚರ ತಪ್ಪುವುದಿಲ್ಲ, ಎಚ್ಚರ ತಪ್ಪಿದ್ದೆಲ್ಲ ಫಿಟ್ಸೂ ಅಲ್ಲ. ವಿರಾರ್ ಲೋಕಲ್ಲಿನ ನೂಕುನುಗ್ಗಲಲ್ಲಿ ಬೆವತು, ಕಣ್ಣು ಕತ್ತಲೆಗಟ್ಟಿ ಕುಸಿದವರು ಮಲಗಿಸಿದ ಕೂಡಲೇ ಎಚ್ಚೆತ್ತರೆ, ಅದು ಹೆಚ್ಚಾಗಿ ರಕ್ತದೊತ್ತಡ ಇಳಿದು ಬಂದ ಬವಳಿ.

ಮಿದುಳಿನ ನರಕೋಶಗಳ ಒಳಗೂ ಹೊರಗೂ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಓಡಾಡುವಾಗ ಸಣ್ಣ ವಿದ್ಯುತ್ ಹುಟ್ಟುತ್ತದೆ. ಕೋಶಗಳನ್ನು ಕೆರಳಿಸುವುದು ಗ್ಲುಟಮೇಟ್ ಎಂಬ ರಾಸಾಯನಿಕ, ತಡೆಯುವುದು ಗಾಬಾ ಎಂಬ ಇನ್ನೊಂದು. ತಡೆ ಸೋತರೆ ಅಥವಾ ಕೆರಳಿಕೆ ಮಿತಿಮೀರಿದರೆ, ತಮ್ಮ ತಮ್ಮ ಸರದಿಯಲ್ಲಿ ಮಿಡಿಯಬೇಕಾದ ಕೋಶಗಳು ಗುಂಪಾಗಿ ಒಂದೇ ತಾಳಕ್ಕೆ ಮಿಡಿಯುತ್ತವೆ. ಅದೇ ಫಿಟ್ಸ್. ತಲೆಗೆ ಬಿದ್ದ ಹಳೆಯ ಪೆಟ್ಟು, ಪಾರ್ಶ್ವವಾಯು, ಗಡ್ಡೆ, ವಂಶವಾಹಿ ಇದಕ್ಕೆ ಕಾರಣವಾಗಬಹುದು. ಲಾಡಿಹುಳುವಿನ ಮರಿ ಮಿದುಳು ಸೇರಿಯೂ ಬರುತ್ತದೆ. ಆ ಹುಳುವಿನ ಮೊಟ್ಟೆ ಕೊಳಕು ಕೈ, ತೊಳೆಯದ ಸೊಪ್ಪಿನಿಂದ ಹೊಟ್ಟೆಗೆ ಹೋಗುವುದರಿಂದ ಸಸ್ಯಾಹಾರಿಗಳಿಗೂ ತಪ್ಪಿದ್ದಲ್ಲ. ಇನ್ನು ಹಲವರ ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ.

ಜ್ವರ, ಸಕ್ಕರೆ ಇಳಿತದಂಥ ತಕ್ಷಣದ ಕಾರಣವಿಲ್ಲದೆ, 24 ಗಂಟೆಗೂ ಹೆಚ್ಚು ಅಂತರದಲ್ಲಿ ಎರಡು ಸಲ ಬಂದರೆ ಸಾಮಾನ್ಯವಾಗಿ ಅಪಸ್ಮಾರ ಎನ್ನುತ್ತಾರೆ. ಒಂದೇ ಸಲ ಬಂದಿದ್ದರೂ, ಮತ್ತೆ ಬರುವ ಸಂಭವ ಹೆಚ್ಚೆಂದು ತಪಾಸಣೆಯಲ್ಲಿ ಕಂಡರೆ ಹಾಗೇ ಹೇಳಬಹುದು. ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿ ನಾರ್ಮಲ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ.

ಮಿದುಳಿನ ಒಂದು ಮೂಲೆಯಲ್ಲಿ ಶುರುವಾದರೆ ಫೋಕಲ್. ಅದು ಯಾವ ಮೂಲೆಯೋ ಲಕ್ಷಣವೂ ಅಂಥದ್ದೇ: ಹೆಬ್ಬೆರಳ ಅದುರು, ಇಲ್ಲದ ವಾಸನೆ, ಹೊಟ್ಟೆಯಿಂದ ಮೇಲೇಳುವ ಸಂಕಟ. ಕೆಲವರು ಪೂರ್ತಿ ಎಚ್ಚರವಾಗಿರುತ್ತಾರೆ. ಕೆಲವರು ನೆಟ್ಟ ನೋಟದಲ್ಲಿ ತುಟಿ ಚಪ್ಪರಿಸುತ್ತಾ ಅಂಗಿಯ ಗುಂಡಿ ಎಳೆಯುತ್ತಾರೆ. ಇದನ್ನು ‘ದೆವ್ವ’ ಎಂದು ವರ್ಷಗಟ್ಟಲೆ ತಾಯಿತ ಕಟ್ಟಿಸಿದವರಿದ್ದಾರೆ. ಇದೇ ಹರಡಿ ಇಡೀ ಮೈ ಸೆಟೆದು ಅದುರುವ ಫಿಟ್ಸೂ ಆಗಬಹುದು.

ಎರಡೂ ಬದಿಯಲ್ಲಿ ಒಟ್ಟಿಗೇ ಶುರುವಾದರೆ ಜನರಲೈಸ್ಡ್. ಎಲ್ಲರಿಗೂ ಗೊತ್ತಿರುವುದು ಟಾನಿಕ್-ಕ್ಲಾನಿಕ್: ಮೈ ಸೆಟೆಯುತ್ತದೆ, ಆಮೇಲೆ ಕೈಕಾಲು ಬಡಿಯುತ್ತವೆ, ಮುಗಿದ ಮೇಲೆ ಮಂಪರು. ಆಬ್ಸೆನ್ಸ್‌ನಲ್ಲಿ ಮಗು ಕೆಲವು ಸೆಕೆಂಡು ಬರೀ ದಿಟ್ಟಿಸಿ, ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಟೀಚರ್ ‘ಗಮನವಿಲ್ಲ’ ಎಂದು ಬರೆಯುವುದು ಕೆಲವೊಮ್ಮೆ ಇದಕ್ಕೇ. ಮಯೋಕ್ಲಾನಿಕ್‌ನಲ್ಲಿ ಕೈ ಥಟ್ಟನೆ ಜಗ್ಗಿ, ಬೆಳಿಗ್ಗೆ ಚಹಾದ ಕಪ್ಪು ಬೀಳುತ್ತದೆ. ಅಟಾನಿಕ್‌ನಲ್ಲಿ ಮೈಯ ಬಿಗಿ ಹೋಗಿ ಧೊಪ್ಪನೆ ಬೀಳುತ್ತಾರೆ.

ಇಷ್ಟು ವಿಂಗಡಣೆ ಮಾತ್ರೆಗಾಗಿ. ಫೋಕಲ್‌ಗೆ ಒಗ್ಗುವ ಕಾರ್ಬಮಾಜೆಪಿನ್, ಆಬ್ಸೆನ್ಸ್ ಮತ್ತು ಮಯೋಕ್ಲಾನಿಕ್ ಫಿಟ್ಸನ್ನು ಹೆಚ್ಚಿಸಬಲ್ಲದು. ಆದ್ದರಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿ: ತಲೆ ಯಾವ ಕಡೆ ತಿರುಗಿತು, ಮೊದಲು ಯಾವ ಕೈ, ಎಷ್ಟು ನಿಮಿಷ.

ವಿಡಿಯೋಗೂ ಮೊದಲು ಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ, ಮೂಗಿಗೆ ಕಾಂದಾ, ಬಾಯಿಗೆ ಚಮಚ ಯಾವುದೂ ಬೇಡ. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ, 108ಕ್ಕೆ ಫೋನ್ ಮಾಡಿ.