ಅಪ್ಪೆಮಿಡಿ ಉಪ್ಪಿನಕಾಯಿ ಘಟಕದ ವಿಸ್ತರಣೆಗೆ ಸಾಲದ ಕೋರಿಕೆ

ಮಾನ್ಯ ವ್ಯವಸ್ಥಾಪಕರಿಗೆ ನಮಸ್ಕಾರ.

ನಾವು ಸಾಗರ ತಾಲ್ಲೂಕಿನ 12 ಮಹಿಳೆಯರು. ಆರು ವರ್ಷಗಳಿಂದ ಸ್ವಸಹಾಯ ಸಂಘ ನಡೆಸುತ್ತಿದ್ದೇವೆ. ನಿಮ್ಮ ಶಾಖೆಯಲ್ಲೇ ಎರಡು ಸಲ ಸಾಲ ಪಡೆದು, ಒಂದು ಕಂತನ್ನೂ ತಪ್ಪಿಸದೆ ತೀರಿಸಿದ್ದೇವೆ.

ದಯವಿಟ್ಟು ಈ ಭರಣಿಯ ಮುಚ್ಚಳ ತೆಗೆದು ನೋಡಿ ಸರ್. ಹೋದ ವರ್ಷದ ಮಿಡಿ. ತೊಟ್ಟು ಸಮೇತ ಕೊಯ್ದದ್ದು. ಇನ್ನೂ ಗಟ್ಟಿಯಾಗಿದೆ, ಸೊನೆಯ ಪರಿಮಳ ಹೋಗಿಲ್ಲ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿಯನ್ನು ನಾವು ಮುಟ್ಟುವುದಿಲ್ಲ; ಒಂದು ಕೊಳೆತರೆ ಇಡೀ ಭರಣಿ ಹಾಳು.

ನಮ್ಮ ತೊಂದರೆ ಒಂದೇ. ಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ. ಆಗ ಕೊಳ್ಳಲು ಕೈಯಲ್ಲಿ ಹಣವಿರುವುದಿಲ್ಲ, ಉಪ್ಪಿನಲ್ಲಿ ಹಾಕಿಡಲು ಡ್ರಮ್‌ಗಳೂ ಸಾಲುವುದಿಲ್ಲ. ಕಳೆದ ಸಲ ಆಗಸ್ಟ್‌ನಲ್ಲೇ ಸರಕು ಮುಗಿದು, ಕೇಳಿಕೊಂಡು ಬಂದ ಅಂಗಡಿಯವರನ್ನು ಬರಿಗೈಯಲ್ಲಿ ಕಳುಹಿಸಿದೆವು. ತುಂಬಾ ಸಂಕಟವಾಯಿತು.

ಬೇಕಿರುವುದು 4 ಲಕ್ಷ ರೂಪಾಯಿ: ಮಿಡಿ, ಉಪ್ಪು, ಸಾಸಿವೆ, ಮೆಣಸಿನಕಾಯಿಗೆ 2 ಲಕ್ಷ, ಉಳಿದದ್ದು ಡ್ರಮ್, ಮಸಾಲೆ ರುಬ್ಬುವ ಯಂತ್ರ ಮತ್ತು ಬಾಟಲಿ ಸೀಲ್ ಮಾಡುವ ಯಂತ್ರಕ್ಕೆ. ಯಂತ್ರಗಳಿಗೆ ಪಿಎಂಎಫ್‌ಎಂಇ ಯೋಜನೆಯ ಶೇ 35ರ ಸಹಾಯಧನಕ್ಕೂ ಅರ್ಜಿ ಹಾಕುತ್ತೇವೆ. ಎಫ್‌ಎಸ್‌ಎಸ್‌ಎಐ ನೋಂದಣಿ, ನಡಾವಳಿ ಪುಸ್ತಕ, ಪಾಸ್‌ಬುಕ್ ಎಲ್ಲವನ್ನೂ ತಂದಿದ್ದೇವೆ.

ಮಾರಾಟ ಮಳೆಗಾಲದಲ್ಲಿ ಶುರುವಾಗುವುದರಿಂದ ಮೊದಲ ಕಂತನ್ನು ಜುಲೈಗೆ ಇಡಬೇಕೆಂದು ಕೋರುತ್ತೇವೆ. ಜನವರಿಯೊಳಗೆ ಸಾಲ ಮಂಜೂರಾದರೆ ಈ ಸಲದ ಮಿಡಿಯನ್ನು ಕೈಬಿಡುವುದಿಲ್ಲ.

ಸಂಘದ ಅಧ್ಯಕ್ಷೆ ಮತ್ತು ಸದಸ್ಯೆಯರು